ತಾರಸಿ ಟ್ಯಾಂಕಿನ ನೀರಿಗೆ ರೇನ್ ಶವರ್ ಏಕೆ ಒಗ್ಗುವುದಿಲ್ಲ

ರೇನ್ ಶವರ್ ಎಂದರೆ ನೆತ್ತಿಯ ಮೇಲೆ ಅಡ್ಡಲಾಗಿ ನಿಲ್ಲುವ, 8ರಿಂದ 12 ಇಂಚು ಅಗಲದ ತಟ್ಟೆ. ಅದರ ತಳದಲ್ಲಿ ನೂರಕ್ಕೂ ಹೆಚ್ಚು ಸಣ್ಣ ರಂಧ್ರಗಳಿರುತ್ತವೆ. ಇವೆಲ್ಲದರಿಂದ ಒಂದೇ ಸಮನೆ ನೀರು ಸುರಿದರೆ ಮಾತ್ರ ಮಳೆಯಲ್ಲಿ ನಿಂತ ಅನುಭವ ಸಿಗುತ್ತದೆ. ಇಂಥ ಶವರುಗಳನ್ನು ರೂಪಿಸುವುದು ಸಾಮಾನ್ಯವಾಗಿ 1 ಬಾರ್ ಅಥವಾ ಅದಕ್ಕಿಂತ ಹೆಚ್ಚಿನ ಒತ್ತಡದ ನೀರಿಗಾಗಿ. ಹೋಟೆಲ್ಲುಗಳಲ್ಲಿ, ದೊಡ್ಡ ಅಪಾರ್ಟ್‌ಮೆಂಟುಗಳಲ್ಲಿ ಪಂಪು ಈ ಒತ್ತಡವನ್ನು ಒದಗಿಸುತ್ತದೆ. ಕರ್ನಾಟಕದ ಹೆಚ್ಚಿನ ಸ್ವಂತ ಮನೆಗಳಲ್ಲಾದರೋ ನೀರು ತಾರಸಿಯ ಟ್ಯಾಂಕಿನಿಂದ ತನ್ನ ಭಾರಕ್ಕೇ ಇಳಿದು ಬರುತ್ತದೆ. ಅಂಗಡಿಯ ಪ್ರದರ್ಶನದಲ್ಲಿ ಧೋ ಎಂದು ಸುರಿದ ಶವರ್ ಮನೆಗೆ ಬಂದ ಮೇಲೆ ತೊಟ್ಟಿಕ್ಕಲು ಕಾರಣ ಹೆಚ್ಚಿನ ಸಲ ಶವರಿನ ದೋಷವಲ್ಲ. ಟ್ಯಾಂಕಿಗೂ ಶವರಿಗೂ ನಡುವೆ ಇರುವ ಎತ್ತರದ ಮತ್ತು ಪೈಪಿನ ಲೆಕ್ಕ.

ಟ್ಯಾಂಕಿನಿಂದ ಇಳಿಯುವ ನೀರಿನ ಒತ್ತಡ ನಿಂತಿರುವುದು ಒಂದೇ ಸಂಗತಿಯ ಮೇಲೆ: ಟ್ಯಾಂಕಿನಲ್ಲಿರುವ ನೀರಿನ ಮಟ್ಟ ಶವರಿಗಿಂತ ಎಷ್ಟು ಎತ್ತರದಲ್ಲಿದೆ ಎಂಬುದು. ಸುಮಾರು 33 ಅಡಿ ಎತ್ತರದ ನೀರಿನ ಕಂಬ 1 ಬಾರ್ ಒತ್ತಡ ಕೊಡುತ್ತದೆ. ಟ್ಯಾಂಕ್ 500 ಲೀಟರಿನದೋ 5,000 ಲೀಟರಿನದೋ ಎಂಬುದು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ದೊಡ್ಡ ಟ್ಯಾಂಕ್ ಕೂರಿಸಿದರೆ ಶವರಿನಲ್ಲಿ ಜೋರು ಬರುತ್ತದೆ ಎಂದು ನಂಬಿ ಹಣ ಸುರಿದವರಿದ್ದಾರೆ. ಆ ಟ್ಯಾಂಕಿನಿಂದ ನೀರು ಹೆಚ್ಚು ದಿನ ಬರುತ್ತದೆಯೇ ಹೊರತು ಹೆಚ್ಚು ಜೋರಾಗಿ ಬರುವುದಿಲ್ಲ.

ಒಂದು ಸಾಧಾರಣ ಎರಡಂತಸ್ತಿನ ಮನೆಯನ್ನು ತೆಗೆದುಕೊಂಡು ಲೆಕ್ಕ ಹಾಕಬಹುದು. ಮಹಡಿಯ ಬಚ್ಚಲುಮನೆಯ ನೆಲದಿಂದ ತಾರಸಿಯ ಮೇಲ್ಮೈಗೆ 10 ಅಡಿ. ತಾರಸಿಯ ಮೇಲೆ 2 ಅಡಿಯ ಕಟ್ಟೆ, ಅದರ ಮೇಲೆ 1,000 ಲೀಟರಿನ ಪ್ಲಾಸ್ಟಿಕ್ ಟ್ಯಾಂಕ್. ಟ್ಯಾಂಕ್ ತುಂಬಿದಾಗ ಒಳಗಿನ ನೀರು ಸುಮಾರು 3 ಅಡಿ ನಿಲ್ಲುತ್ತದೆ. ಶವರ್ ನೆಲದಿಂದ 7 ಅಡಿ ಮೇಲಿದೆ. ಹಾಗಾದರೆ ಟ್ಯಾಂಕಿನ ತಳ ಶವರಿಗಿಂತ 5 ಅಡಿ ಮೇಲಿದೆ. ತುಂಬಿದಾಗಿನ ನೀರಿನ ಮಟ್ಟ 8 ಅಡಿ ಮೇಲಿದೆ. ಅಂದರೆ ಟ್ಯಾಂಕ್ ತುಂಬಿರುವಾಗ ಸಿಗುವ ಒತ್ತಡ ಹೆಚ್ಚೆಂದರೆ 0.24 ಬಾರ್, ತಳ ಕಾಣುವ ಹೊತ್ತಿಗೆ 0.15 ಬಾರ್. ಶವರ್ ಬಯಸುವುದರಲ್ಲಿ ಕಾಲು ಪಾಲೂ ಇಲ್ಲ. ಅದೇ ಮನೆಯ ಕೆಳ ಅಂತಸ್ತಿನ ಬಚ್ಚಲಿಗೆ ಇನ್ನೂ 10 ಅಡಿ ಸೇರಿ ಸುಮಾರು ಅರ್ಧ ಬಾರ್ ಸಿಗುತ್ತದೆ. ಟ್ಯಾಂಕಿಗೆ ತೀರ ಹತ್ತಿರವಿರುವ ಬಚ್ಚಲಿನಲ್ಲೇ ಶವರ್ ಸೋಲುವುದು, ಕೆಳಗಿನದರಲ್ಲಿ ಒಂದಿಷ್ಟು ಪರವಾಗಿಲ್ಲ ಎನಿಸುವುದು ಇದರಿಂದಲೇ. ಮಾಸ್ಟರ್ ಬೆಡ್‌ರೂಮನ್ನು ಮಹಡಿಯಲ್ಲಿಟ್ಟು, ದುಬಾರಿ ಶವರನ್ನೂ ಅದರ ಬಚ್ಚಲಿಗೇ ಹಾಕಿಸುವುದು ರೂಢಿ. ನೀರಿನ ಒತ್ತಡವನ್ನು ನೋಡಿದರೆ ಇಡೀ ಮನೆಯಲ್ಲಿ ಅದಕ್ಕೆ ಅತ್ಯಂತ ಕೆಟ್ಟ ಜಾಗ ಅದೇ.

“ನಲ್ಲಿಯಲ್ಲಿ ಚೆನ್ನಾಗಿ ಬರುತ್ತದೆ, ಶವರಿನಲ್ಲಿ ಮಾತ್ರ ಬರುವುದಿಲ್ಲ” ಎಂಬ ದೂರು ಪ್ಲಂಬರುಗಳಿಗೆ ಹೊಸದಲ್ಲ. ಅದೇ ಬಚ್ಚಲಿನಲ್ಲಿ ಬಕೆಟ್ ತುಂಬಿಸುವ ನಲ್ಲಿ ನೆಲದಿಂದ ಎರಡೂವರೆ ಅಡಿ ಎತ್ತರದಲ್ಲಿರುತ್ತದೆ. ಶವರಿಗೆ 8 ಅಡಿಯ ನೀರಿನ ಕಂಬ ದಕ್ಕಿದರೆ ಈ ನಲ್ಲಿಗೆ ಹನ್ನೆರಡೂವರೆ ಅಡಿ ದಕ್ಕುತ್ತದೆ. ಮೇಲಾಗಿ ನಲ್ಲಿಗೆ ಇರುವುದು ಒಂದೇ ಬಾಯಿ, ಅದೂ ಅಗಲವಾದದ್ದು. ಆದ್ದರಿಂದ ನಲ್ಲಿಯ ನೀರನ್ನು ನೋಡಿ ಶವರಿನ ಯೋಗ್ಯತೆ ಅಳೆಯುವುದು ದಾರಿ ತಪ್ಪಿಸುತ್ತದೆ.

ಇದ್ದ ಅಲ್ಪ ಎತ್ತರವನ್ನೂ ಪೈಪು ನುಂಗುತ್ತದೆ. ನೀರು ಹರಿಯುವಾಗ ಪೈಪಿನ ಒಳಗೋಡೆಗೆ ಉಜ್ಜಿಕೊಂಡು ಒತ್ತಡ ಕಳೆದುಕೊಳ್ಳುತ್ತದೆ, ಪ್ರತಿ ಎಲ್ಬೋದಲ್ಲಿ ತಿರುಗುವಾಗ ಇನ್ನಷ್ಟು ಕಳೆದುಕೊಳ್ಳುತ್ತದೆ. ಈಗಿನ ಮನೆಗಳಲ್ಲಿ ಗೋಡೆಯೊಳಗೆ ಹಾಕುವ ಅರ್ಧ ಇಂಚಿನ ಸಿಪಿವಿಸಿ ಪೈಪಿನ ಹೊರಗಿನ ಅಳತೆ ಸುಮಾರು 16 ಮಿಲಿಮೀಟರ್. ಗೋಡೆಯ ದಪ್ಪ ಕಳೆದರೆ ಒಳಗೆ ನೀರು ಹೋಗಲು ಉಳಿಯುವುದು ಹನ್ನೆರಡೂವರೆ ಮಿಲಿಮೀಟರ್ ಅಷ್ಟೆ. ಇಂಥ ಪೈಪಿನಲ್ಲಿ ನಿಮಿಷಕ್ಕೆ 10 ಲೀಟರ್ ಹರಿಸಬೇಕೆಂದರೆ 10 ಮೀಟರ್ ಉದ್ದಕ್ಕೆ ಸುಮಾರು 2 ಮೀಟರ್, ಅಂದರೆ 6ರಿಂದ 7 ಅಡಿಯ ಎತ್ತರವೆಲ್ಲ ಉಜ್ಜಾಟಕ್ಕೇ ಖರ್ಚಾಗುತ್ತದೆ. ಮುಕ್ಕಾಲು ಇಂಚಿನ ಪೈಪಿನ ಒಳ ಅಳತೆ ಸುಮಾರು 18 ಮಿಲಿಮೀಟರ್. ಅಷ್ಟೇ ನೀರು ಅಷ್ಟೇ ದೂರ ಹರಿಯಲು ಅದರಲ್ಲಿ ಖರ್ಚಾಗುವುದು 1 ಅಡಿಯಷ್ಟು ಮಾತ್ರ. ಅಗಲದಲ್ಲಿ ಕಾಣುವ ವ್ಯತ್ಯಾಸ ಚಿಕ್ಕದು, ನಷ್ಟದಲ್ಲಿ ಆರು ಪಟ್ಟು. ಪಂಪು ಇರುವ ಕಡೆ ಈ ವ್ಯತ್ಯಾಸವನ್ನು ಯಾರೂ ಗಮನಿಸುವುದಿಲ್ಲ. ಒಟ್ಟು ಬಂಡವಾಳವೇ 8 ಅಡಿ ಇರುವ ಕಡೆ ಎಲ್ಲವನ್ನೂ ನಿರ್ಧರಿಸುವುದು ಇದೇ.

ಪೈಪಿನ ನಂತರ ಬರುವುದು ಡೈವರ್ಟರ್. ಒಂದೇ ಹಿಡಿಯಿಂದ ಬಿಸಿ, ತಣ್ಣೀರು ಬೆರೆಸಿ ನಲ್ಲಿಗೋ ಶವರಿಗೋ ತಿರುಗಿಸುವ, ಗೋಡೆಯೊಳಗೆ ಹುದುಗುವ ಕನ್ಸೀಲ್ಡ್ ಡೈವರ್ಟರಿನೊಳಗೆ ಸೆರಾಮಿಕ್ ಬಿಲ್ಲೆಗಳ ಕಾರ್ಟ್ರಿಜ್ ಇರುತ್ತದೆ. ನೀರು ಆ ಬಿಲ್ಲೆಗಳ ಕಿರಿದಾದ ಕಂಡಿಗಳಲ್ಲಿ ನುಸುಳಿಯೇ ಬರಬೇಕು. ಇಲ್ಲಿ ಒಂದೆರಡು ಅಡಿ ಕಳೆಯುವುದು ಸಹಜ. ಅಂಗಡಿಗಳಲ್ಲಿ ಹೈ ಫ್ಲೋ ಎಂದು ಮಾರುವ, ಒಳದಾರಿ ಅಗಲವಿರುವ ಡೈವರ್ಟರುಗಳು ಇದಕ್ಕೆಂದೇ ಬಂದವು. ಶವರಿನ ಕೊರಳಿನಲ್ಲಿ ನೀರು ಉಳಿಸಲೆಂದು ಇಟ್ಟಿರುವ ಸಣ್ಣ ತೂತಿನ ರಬ್ಬರ್ ಬಿಲ್ಲೆ ಮತ್ತೊಂದು ಅಡ್ಡಿ. ಒತ್ತಡ ಹೆಚ್ಚಿರುವ ಮನೆಗೆ ಅದು ಬೇಕು, ತಾರಸಿ ಟ್ಯಾಂಕಿನ ಮನೆಯಲ್ಲಿ ಅದಕ್ಕೆ ಕೆಲಸವಿಲ್ಲ.

ಇಷ್ಟೆಲ್ಲ ದಾಟಿ ಶವರ್ ತಲುಪಿದ ನೀರಿನ ಗತಿಯೇನು ಎಂಬುದಕ್ಕೆ ಮೇಲಿನ ಮನೆಯನ್ನೇ ಮುಂದುವರಿಸಬಹುದು. ಟ್ಯಾಂಕಿನಿಂದ ಶವರಿಗೆ ಅರ್ಧ ಇಂಚಿನ ಪೈಪು ಸುಮಾರು 10 ಮೀಟರ್ ಬಂದಿದೆ, ಸಾಧಾರಣ ಡೈವರ್ಟರ್ ಇದೆ, ಟ್ಯಾಂಕ್ ತುಂಬಿದೆ. ಶವರಿನ ತಟ್ಟೆಯಲ್ಲಿ 1 ಮಿಲಿಮೀಟರಿನ 120 ರಂಧ್ರಗಳಿವೆ ಎಂದುಕೊಂಡರೆ, ಒಟ್ಟಾರೆ ನಿಮಿಷಕ್ಕೆ 8 ಲೀಟರ್ ನೀರು ಬರುತ್ತದೆ. ಅದನ್ನು 120ಕ್ಕೆ ಹಂಚಿದರೆ ಒಂದೊಂದು ರಂಧ್ರದ ಪಾಲಿಗೆ ಬರುವುದು ನಿಮಿಷಕ್ಕೆ 67 ಮಿಲಿಲೀಟರ್. 8 ಅಡಿಯಲ್ಲಿ ಏಳು ಅಡಿಗೂ ಹೆಚ್ಚು ದಾರಿಯಲ್ಲೇ ಕರಗಿ, ತಟ್ಟೆಯೊಳಗೆ ಉಳಿದಿರುವ ಒತ್ತಡ ಒಂದು ಗೇಣಿನಷ್ಟು ನೀರಿನ ಕಂಬದ್ದು. ರಂಧ್ರದಿಂದ ನೀರು ಹೊರಬೀಳುವ ವೇಗ ಸೆಕೆಂಡಿಗೆ ಒಂದೂವರೆ ಮೀಟರಿಗಿಂತ ಕಡಿಮೆ. ಮೈಗೆ ತಾಕುವಾಗ ಅದಕ್ಕೆ ಯಾವ ಬಿರುಸೂ ಇರುವುದಿಲ್ಲ, ತಟ್ಟೆಯಿಂದ ತಲೆಗೆ ಬೀಳುವಾಗ ಭೂಮಿಯ ಸೆಳೆತದಿಂದ ಸಿಕ್ಕಿದ್ದಷ್ಟೇ ಲಾಭ.

ಈಗ ಬೇರೇನನ್ನೂ ಬದಲಿಸದೆ ಆ ತಟ್ಟೆಯನ್ನು ಕಳಚಿ, ಅಷ್ಟೇ ಸಣ್ಣ 40 ರಂಧ್ರಗಳಿರುವ 4 ಇಂಚಿನ ಶವರ್ ಹಾಕಲಿ. ಒಟ್ಟು ನೀರು ನಿಮಿಷಕ್ಕೆ 8ರಿಂದ 6 ಲೀಟರಿಗೆ ಇಳಿಯುತ್ತದೆ. ಆದರೆ ಒಂದೊಂದು ರಂಧ್ರದ ಪಾಲು 150 ಮಿಲಿಲೀಟರಿಗೆ ಏರುತ್ತದೆ, ನೀರಿನ ವೇಗ ಎರಡು ಪಟ್ಟಿಗೂ ಮೀರುತ್ತದೆ. ಪೈಪಿನಲ್ಲಿ ಹರಿಯುವ ನೀರು ಕಡಿಮೆಯಾದ್ದರಿಂದ ಅಲ್ಲಿನ ನಷ್ಟವೂ ಇಳಿದು, ಶವರಿನ ಮುಖದಲ್ಲಿ 4 ಅಡಿಯಷ್ಟು ಒತ್ತಡ ಉಳಿಯುತ್ತದೆ. ಸ್ನಾನ ಮಾಡುವವರಿಗೆ ಇದು “ನೀರು ಜೋರಾಯಿತು” ಎಂದು ತೋರುತ್ತದೆ, ನಿಜದಲ್ಲಿ ಬಕೆಟ್ಟಿಗೆ ಬೀಳುವ ನೀರು ಕಡಿಮೆಯಾಗಿದೆ. ರೇನ್ ಶವರಿನ ಸಮಸ್ಯೆ ನೀರಿನ ಕೊರತೆಗಿಂತ ಹೆಚ್ಚಾಗಿ ಹಂಚಿಕೆಯದು.

ಟ್ಯಾಂಕ್ ಖಾಲಿಯಾಗುತ್ತ ಬಂದಾಗ, ಅಥವಾ ಅದೇ ಸಾಲಿನಲ್ಲಿ ಅಡುಗೆಮನೆಯ ನಲ್ಲಿ ತೆರೆದಾಗ, ದೊಡ್ಡ ತಟ್ಟೆಯ ಇನ್ನೊಂದು ಲಕ್ಷಣ ಕಾಣಿಸಿಕೊಳ್ಳುತ್ತದೆ. ನೀರು ನಿಮಿಷಕ್ಕೆ ಮೂರು ನಾಲ್ಕು ಲೀಟರಿಗೆ ಇಳಿದರೆ ತಟ್ಟೆಯೊಳಗಿನ ಒತ್ತಡ ಕೆಲವೇ ಸೆಂಟಿಮೀಟರ್ ನೀರಿನದಾಗಿರುತ್ತದೆ. ಆಗ ತಟ್ಟೆ ಒಂದು ಸೆಂಟಿಮೀಟರ್ ವಾಲಿದ್ದರೂ ಸಾಕು, ತಗ್ಗಿನ ಕಡೆಯ ರಂಧ್ರಗಳು ಸುರಿಯುತ್ತವೆ, ಎತ್ತರದ ಕಡೆಯವು ತೊಟ್ಟಿಕ್ಕುತ್ತವೆ. ಪಕ್ಕಪಕ್ಕದ ಹನಿಗಳು ಸಿಡಿದು ಹೊರಬರುವ ಬಲವಿಲ್ಲದೆ ತಟ್ಟೆಯ ತಳಕ್ಕೇ ಅಂಟಿಕೊಂಡು, ಒಂದಕ್ಕೊಂದು ಕೂಡಿ ನಾಲ್ಕೈದು ದಪ್ಪ ಧಾರೆಗಳಾಗಿ ಬೀಳುತ್ತವೆ. ಒಂದೇ ಬದಿಯಿಂದ ನೀರು ಬರುತ್ತಿದೆ ಎಂದು ಶವರ್ ಬದಲಿಸಿಕೊಡುವಂತೆ ಅಂಗಡಿಗೆ ಹೋಗುವವರು ಮೊದಲು ತಟ್ಟೆ ಸಮಮಟ್ಟದಲ್ಲಿದೆಯೇ ಎಂದು ನೋಡಬಹುದು. ಆದರೆ ಅದು ಮೂಲ ಕಾಯಿಲೆಗೆ ಮದ್ದಲ್ಲ.

ತೊಂದರೆ ಶವರಿನದೋ ಪೈಪಿನದೋ ಎಂದು ತಿಳಿಯಲು ಒಂದು ಬಕೆಟ್ ಮತ್ತು ಗಡಿಯಾರ ಸಾಕು. ಶವರಿನ ತಟ್ಟೆಯನ್ನು ತಿರುಗಿಸಿ ಬಿಚ್ಚಿ, ಬರೀ ಕೊಳವೆಯ ಬಾಯಿಗೆ 20 ಲೀಟರಿನ ಬಕೆಟ್ ಹಿಡಿದು ತಣ್ಣೀರನ್ನು ಪೂರ್ತಿ ತೆರೆಯಬೇಕು. ಬಕೆಟ್ಟನ್ನು ಶವರಿನ ಎತ್ತರದಲ್ಲೇ ಹಿಡಿಯಬೇಕಿಲ್ಲ, ನೆಲದಲ್ಲಿಟ್ಟರೆ ಸಾಕು. ಬಕೆಟ್ ತುಂಬಲು ಎರಡು ನಿಮಿಷಕ್ಕಿಂತ ಹೆಚ್ಚು ಹಿಡಿದರೆ, ಆ ಕೊಳವೆಗೆ ಯಾವ ಕಂಪನಿಯ ರೇನ್ ಶವರ್ ಹಾಕಿದರೂ ಫಲ ಅಷ್ಟಕ್ಕಷ್ಟೇ. ಮೇಲಿನ ಲೆಕ್ಕದ ಮನೆಯಲ್ಲಿ ತಟ್ಟೆ ಇದ್ದಾಗ 8 ಲೀಟರ್ ಬರುವುದಾದರೆ ತಟ್ಟೆ ಬಿಚ್ಚಿದಾಗ ಬರುವುದು 9 ಲೀಟರಿಗಿಂತ ಕಡಿಮೆ. ಅಡ್ಡಿ ತಟ್ಟೆಯಲ್ಲಿಲ್ಲ, ಗೋಡೆಯೊಳಗಿದೆ ಎಂಬುದು ಅಲ್ಲೇ ಗೊತ್ತಾಗುತ್ತದೆ. ಬಿಚ್ಚಿದಾಗ ಒಂದು ನಿಮಿಷದೊಳಗೆ ಬಕೆಟ್ ತುಂಬಿ, ತಟ್ಟೆ ಹಾಕಿದ ಕೂಡಲೇ ನೀರು ಸೋತರೆ ದೋಷ ತಟ್ಟೆಯದು. ಕೊಳವೆಬಾವಿಯ ಗಡಸು ನೀರಿನ ಊರುಗಳಲ್ಲಿ ಇದು ಸಾಮಾನ್ಯ. ರಂಧ್ರಗಳಲ್ಲಿ ಬಿಳಿ ಸುಣ್ಣ ಕಟ್ಟಿರುತ್ತದೆ, ತಟ್ಟೆಯನ್ನು ವಿನೆಗರಿನಲ್ಲಿ ಕೆಲವು ಗಂಟೆ ನೆನೆಹಾಕಿ, ರಬ್ಬರ್ ಮೊಲೆಗಳನ್ನು ಬೆರಳಿನಿಂದ ಉಜ್ಜಿದರೆ ಬಿಟ್ಟುಕೊಳ್ಳುತ್ತದೆ. ತಣ್ಣೀರು ಚೆನ್ನಾಗಿ ಬಂದು ಬಿಸಿನೀರು ಮಾತ್ರ ಸೋತರೆ ಗೀಸರಿನ ಬಾಯಿಯಲ್ಲಿರುವ ವಾಲ್ವ್, ಅದರ ಸಪೂರ ಜೋಡುಕೊಳವೆ, ಆಂಗಲ್ ವಾಲ್ವ್ ಇವುಗಳನ್ನು ನೋಡಬೇಕು. ಮೊದಲು ಸರಿಯಾಗಿದ್ದ ಶವರ್ ಟ್ಯಾಂಕ್ ತೊಳೆದ ಮರುದಿನದಿಂದ ಸೋತಿದ್ದರೆ ಪೈಪಿನಲ್ಲಿ ಗಾಳಿ ಸಿಕ್ಕಿಕೊಂಡಿರುವ ಸಾಧ್ಯತೆ ಹೆಚ್ಚು. ಟ್ಯಾಂಕಿನ ವಾಲ್ವ್ ದಾಟಿದ ಕೂಡಲೇ ನೀರಿನ ಮಟ್ಟಕ್ಕಿಂತ ಎತ್ತರಕ್ಕೆ ನಿಲ್ಲಿಸಿದ, ಬಾಯಿ ತೆರೆದ ಏರ್ ವೆಂಟ್ ಪೈಪು ಇರುವ ಮನೆಗಳಲ್ಲಿ ಈ ಕಾಟ ಕಡಿಮೆ.

ಕಟ್ಟಿ ಮುಗಿದಿರುವ, ಗೋಡೆ ಒಡೆಯಲು ಮನಸ್ಸಿಲ್ಲದ ಮನೆಗೆ ಹೊಂದುವುದು 3ರಿಂದ 4 ಇಂಚಿನ, ರಂಧ್ರ ಕಡಿಮೆಯಿರುವ ಶವರ್. ನೋಡಲು ಅಂದವಿಲ್ಲ ಎಂದು ಹಲವರು ಮೂಗು ಮುರಿದರೂ ಹಳೆಯ ಮನೆಗಳ ಪುಟ್ಟ ಶವರುಗಳು ತಾರಸಿ ಟ್ಯಾಂಕಿಗೆ ಒಗ್ಗುತ್ತಿದ್ದುದು ಇದೇ ಕಾರಣಕ್ಕೆ. ಕೊಳ್ಳುವಾಗ ಡಬ್ಬದ ಮೇಲೆ ಕನಿಷ್ಠ ಎಷ್ಟು ಒತ್ತಡ ಬೇಕೆಂದು ಬರೆದಿರುವುದನ್ನು ನೋಡಬೇಕು. 0.5 ಬಾರ್ ಎಂದಿದ್ದರೆ ಮೇಲಂತಸ್ತಿನ ಬಚ್ಚಲಿಗೆ ಅದೂ ಹೆಚ್ಚೇ. ಒತ್ತಡ ಹೆಚ್ಚಿಸುತ್ತವೆ ಎಂದು ಹೇಳಿ ಮಾರುವ ಶವರುಗಳು ಒತ್ತಡವನ್ನು ಹುಟ್ಟಿಸುವುದಿಲ್ಲ, ರಂಧ್ರ ಕಡಿಮೆ ಮಾಡಿ ಇರುವುದನ್ನು ಒಟ್ಟುಗೂಡಿಸುತ್ತವೆ. ಅವುಗಳಲ್ಲಿ ಕಣ್ಣಿಗೆ ಕಾಣದಷ್ಟು ಸೂಕ್ಷ್ಮ ರಂಧ್ರಗಳಿರುವ ಬಗೆ ಗಡಸು ನೀರಿನ ಮನೆಗೆ ಬೇಡ, ಬಹು ಬೇಗ ಕಟ್ಟಿಕೊಳ್ಳುತ್ತವೆ.

ಹ್ಯಾಂಡ್ ಶವರ್ ಇನ್ನೂ ಒಂದು ಅನುಕೂಲ ಕೊಡುತ್ತದೆ. ಅದನ್ನು ಎದೆಯ ಮಟ್ಟದಲ್ಲಿ ಹಿಡಿದರೆ 7 ಅಡಿಯ ಬದಲು 4 ಅಡಿಯಲ್ಲಿ ನೀರು ಹೊರಬರುತ್ತದೆ. ಮೇಲಂತಸ್ತಿನ ಬಚ್ಚಲಿನಲ್ಲಿ ಪುಕ್ಕಟೆಯಾಗಿ ಸಿಕ್ಕಿದ ಆ 3 ಅಡಿ ತಾರಸಿಯ ಟ್ಯಾಂಕನ್ನು 3 ಅಡಿ ಎತ್ತರಿಸಿದ್ದಕ್ಕೆ ಸಮ. ಅದರ ಬಳುಕುವ ಕೊಳವೆ ತೀರ ಸಪೂರವಿರಬಾರದು, ಅಷ್ಟೆ.

ಟ್ಯಾಂಕನ್ನೇ ಎತ್ತರಿಸುವುದು ಎಲ್ಲರಿಗೂ ಮೊದಲು ಹೊಳೆಯುವ ಉಪಾಯ. 2 ಅಡಿಯ ಕಟ್ಟೆಯ ಬದಲು 8 ಅಡಿಯ ಸ್ಟ್ಯಾಂಡ್ ಹಾಕಿದರೆ ಮೇಲಿನ ಮನೆಯಲ್ಲಿ ಶವರಿಗೆ ಸಿಗುವ ಎತ್ತರ 8ರಿಂದ 14 ಅಡಿಗೆ ಏರುತ್ತದೆ. ಸಣ್ಣ ಶವರಿಗೆ ಇದು ಧಾರಾಳ, ರೇನ್ ಶವರಿಗೆ ಆಗಲೂ ಅರ್ಧ ಬಾರ್ ಮುಟ್ಟದು. 1,000 ಲೀಟರ್ ನೀರೆಂದರೆ ಒಂದು ಟನ್ ಭಾರ. ಸ್ಟ್ಯಾಂಡಿನ ಕಾಲುಗಳು ಬರೀ ಸ್ಲ್ಯಾಬಿನ ನಡುವೆ ನಿಲ್ಲದೆ ತೊಲೆ ಮತ್ತು ಕಂಬಗಳ ಮೇಲೆ ಬರುವಂತೆ ಎಂಜಿನಿಯರನ್ನು ಕೇಳಿಯೇ ಮಾಡಿಸಬೇಕು.

ಹೊಸ ಮನೆ ಕಟ್ಟುವವರ ಕೈಯಲ್ಲಿ ಇದಕ್ಕಿಂತ ಒಳ್ಳೆಯ ಉಪಾಯವಿದೆ, ಅದು ಪೈಪು. ಟ್ಯಾಂಕಿನಿಂದ ಆ ಬಚ್ಚಲಿಗೇ ಬೇರೆಯಾಗಿ 1 ಇಂಚಿನ ಪೈಪು ಇಳಿಸಿ, ಶವರಿನ ಬಾಯಿಯವರೆಗೂ ಮುಕ್ಕಾಲು ಇಂಚನ್ನೇ ಒಯ್ದು, ಒಳದಾರಿ ಅಗಲವಿರುವ ಡೈವರ್ಟರ್ ಕೂರಿಸಿದರೆ, ಅದೇ 8 ಅಡಿಯಲ್ಲಿ ಅದೇ 120 ರಂಧ್ರದ ತಟ್ಟೆಗೆ ನಿಮಿಷಕ್ಕೆ 8 ಲೀಟರಿನ ಬದಲು ಸುಮಾರು 14 ಲೀಟರ್ ಸಿಗುತ್ತದೆ. ಹೋಟೆಲಿನ ಮಳೆಯಲ್ಲದಿದ್ದರೂ ಮಳೆ ಎನ್ನಬಹುದಾದ ಮಳೆ. ಟೈಲ್ಸ್ ಹಾಕುವ ಮೊದಲು ಇದಕ್ಕೆ ತಗಲುವ ಹೆಚ್ಚಿನ ಖರ್ಚು ಶವರಿನ ಬೆಲೆಯ ಮುಂದೆ ದೊಡ್ಡದಲ್ಲ, ಟೈಲ್ಸ್ ಹಾಕಿದ ಮೇಲೆ ಮಾತ್ರ ಯಾರೂ ಮಾಡಿಸಲು ಒಪ್ಪುವುದಿಲ್ಲ. ಇಷ್ಟು ಮಾಡಿದರೂ 12 ಇಂಚಿನ ತಟ್ಟೆಯ ಆಸೆ ಬಿಟ್ಟು 6ಕ್ಕೋ 8ಕ್ಕೋ ನಿಲ್ಲುವುದು ಲೇಸು.

ದೊಡ್ಡ ತಟ್ಟೆ ಬೇಕೇ ಬೇಕೆಂದರೆ ಉಳಿಯುವುದು ಪ್ರೆಷರ್ ಪಂಪು. ತಾರಸಿಯಲ್ಲಿ ಟ್ಯಾಂಕಿನ ಪಕ್ಕ ಕೂರಿಸುವ ಅರ್ಧ ಎಚ್‌ಪಿ ಆಸುಪಾಸಿನ ಪಂಪು ಒಂದು ಮನೆಗೆ ಬೇಕಾದ ಒಂದೂವರೆ ಎರಡು ಬಾರ್ ಒತ್ತಡ ಕೊಡಬಲ್ಲದು. ಇದರಲ್ಲಿ ಎರಡು ಬಗೆ. ಫ್ಲೋ ಸ್ವಿಚ್ ಇರುವ ಪಂಪು ನೀರು ತಾನಾಗಿ ಹರಿಯತೊಡಗಿದ್ದನ್ನು ಗ್ರಹಿಸಿದ ಮೇಲೆ ಓಡುತ್ತದೆ. ಶವರ್ ಟ್ಯಾಂಕಿನ ತಳಕ್ಕೆ ತೀರ ಸಮೀಪವಿದ್ದು ಹರಿವು ಬರೀ ತೊಟ್ಟಿಕ್ಕುವಷ್ಟಿದ್ದರೆ ಅದು ಏಳುವುದೇ ಇಲ್ಲ. ಅಲ್ಲಿಗೆ ಬೇಕಾದದ್ದು ಪ್ರೆಷರ್ ಸ್ವಿಚ್ ಇರುವ ಬಗೆ. ಆದರೆ ಎಲ್ಲೋ ಒಂದು ನಲ್ಲಿ ಸೋರುತ್ತಿದ್ದರೂ ಅದು ರಾತ್ರಿಯೆಲ್ಲ ಬಿಟ್ಟು ಬಿಟ್ಟು ಓಡುತ್ತದೆ. ಪಂಪಿನ ಪಕ್ಕದಲ್ಲಿ ನಾನ್-ರಿಟರ್ನ್ ವಾಲ್ವ್ ಇರುವ ಬೈಪಾಸ್ ಪೈಪು ಹಾಕಿಸಿದರೆ ಕರೆಂಟು ಹೋದಾಗಲೂ ನೀರು ತನ್ನ ಪಾಡಿಗೆ ಇಳಿದು ಬರುತ್ತದೆ. ಹಳೆಯ ಮನೆಯ ಸೋತ ಜಾಯಿಂಟುಗಳು ಹೊಸ ಒತ್ತಡಕ್ಕೆ ಸೋರತೊಡಗುವುದುಂಟು. ಗೀಸರ್ ಎಷ್ಟು ಬಾರ್ ತಡೆಯುತ್ತದೆ ಎಂದು ಅದರ ಮೇಲಿನ ಪಟ್ಟಿಯಲ್ಲಿ ಓದಿ ಪಂಪನ್ನು ಆರಿಸಬೇಕು. ಒತ್ತಡ ಸಿಕ್ಕ ರೇನ್ ಶವರ್ ನಿಮಿಷಕ್ಕೆ 12ರಿಂದ 15 ಲೀಟರ್ ಸಲೀಸಾಗಿ ಸುರಿಸುತ್ತದೆ. ಹತ್ತು ನಿಮಿಷದ ಒಂದು ಸ್ನಾನಕ್ಕೆ ಆರೇಳು ಬಕೆಟ್ ಖರ್ಚು ಎಂಬುದನ್ನು ಟ್ಯಾಂಕರ್ ನೀರು ಕೊಳ್ಳುವ ಬಡಾವಣೆಯವರು ಮೊದಲೇ ಲೆಕ್ಕ ಹಾಕಿಕೊಳ್ಳಬೇಕು.

ತಾರಸಿಯಲ್ಲಿ ಸೋಲಾರ್ ವಾಟರ್ ಹೀಟರ್ ಇರುವ ಮನೆಗಳಲ್ಲಿ ಪಂಪು ಹಾಕಿಸುವ ಮುನ್ನ ಇನ್ನಷ್ಟು ಎಚ್ಚರ ಬೇಕು. ಹೆಚ್ಚಿನ ಮನೆಗಳ ಸೋಲಾರ್ ಟ್ಯಾಂಕ್ ಒತ್ತಡ ತಡೆಯುವ ಬಗೆಯದಲ್ಲ. ಅದರ ನೆತ್ತಿಯಿಂದ ಒಂದು ವೆಂಟ್ ಪೈಪು ಬಯಲಿಗೆ ತೆರೆದುಕೊಂಡಿರುತ್ತದೆ. ಅಂಥ ಟ್ಯಾಂಕಿಗೆ ನೀರುಣಿಸುವ ಸಾಲಿನಲ್ಲಿ ಪಂಪು ಕೂರಿಸಿದರೆ ನೀರು ವೆಂಟ್ ಪೈಪಿನಿಂದ ಉಕ್ಕುತ್ತದೆ, ಟ್ಯಾಂಕಿಗೂ ಹಾನಿ. ತಣ್ಣೀರಿನ ಸಾಲಿಗೆ ಮಾತ್ರ ಪಂಪು ಹಾಕಿ ಬಿಸಿನೀರನ್ನು ಹಾಗೇ ಬಿಟ್ಟರೆ ಬೇರೊಂದು ಫಜೀತಿ: ಮಿಕ್ಸರಿನೊಳಗೆ ಎರಡೂ ಸಂಧಿಸುವಾಗ ಬಲವಾದ ತಣ್ಣೀರು ದುರ್ಬಲ ಬಿಸಿನೀರನ್ನು ಹಿಂದಕ್ಕೆ ತಳ್ಳಿ, ಬಿಸಿನೀರಿನ ಪೈಪಿನಲ್ಲೇ ಮೇಲೇರಿ ಸೋಲಾರ್ ಟ್ಯಾಂಕ್ ಸೇರುತ್ತದೆ. ಶವರಿನಲ್ಲಿ ತಣ್ಣೀರೇ ಬರುತ್ತಿದ್ದು ತಾರಸಿಯಲ್ಲಿ ವೆಂಟ್ ಪೈಪು ಸುರಿಯುತ್ತಿದ್ದರೆ ನಡೆದಿರುವುದು ಇದೇ. ಇದನ್ನು ತಪ್ಪಿಸಲು ಸೋಲಾರ್ ಟ್ಯಾಂಕಿನಿಂದ ಹೊರಬರುವ ಬಿಸಿನೀರಿನ ಸಾಲಿಗೂ ಬಿಸಿ ತಡೆಯುವ ಪಂಪೊಂದನ್ನು ಬೇರೆಯಾಗಿ ಹಾಕಿ, ಎರಡೂ ಕಡೆ ಒತ್ತಡ ಹೆಚ್ಚುಕಡಿಮೆ ಒಂದೇ ಇರುವಂತೆ ಹೊಂದಿಸಿ, ಎರಡು ಸಾಲಿಗೂ ನಾನ್-ರಿಟರ್ನ್ ವಾಲ್ವ್ ಕೂರಿಸಬೇಕಾಗುತ್ತದೆ. ಅಲ್ಲಿಗೆ ಎರಡು ಪಂಪು, ಎರಡು ವಾಲ್ವ್, ಎರಡು ವೈರಿಂಗು. ಇಷ್ಟನ್ನೆಲ್ಲ ಪ್ಲಂಬರಿನ ಬಾಯಲ್ಲಿ ಕೇಳಿದ ಮೇಲೆ ಸೋಲಾರ್ ಇರುವ ಮನೆಯವರಲ್ಲಿ ಬಹಳ ಮಂದಿ 4 ಇಂಚಿನ ಶವರಿಗೇ ಮರಳುತ್ತಾರೆ.